ಷೇರು ಎಷ್ಟು, ವೋಟು ಎಷ್ಟು: ಕಂಪನಿಯ ಲಗಾಮು ಯಾರ ಕೈಲಿದೆ ಅಂತ ಲೆಕ್ಕ ಹಾಕುವುದು

ಒಂದು ಕಂಪನಿಯ ಒಡೆತನ ಯಾರದು ಅಂತ ಕೇಳಿದರೆ ಸಾಮಾನ್ಯವಾಗಿ ಒಂದೇ ಅಂಕಿ ಹೇಳುತ್ತಾರೆ: ಪ್ರೊಮೋಟರ್ ಹತ್ತಿರ, ಅಂದರೆ ಕಂಪನಿ ಕಟ್ಟಿ ಹಿಡಿತ ಇಟ್ಟುಕೊಂಡವರ ಹತ್ತಿರ, ಇಷ್ಟು ಶೇಕಡಾ ಷೇರಿದೆ. ಎಲ್ಲ ಷೇರಿಗೂ ಒಂದೊಂದೇ ವೋಟು ಇರುವ ಕಂಪನಿಯಲ್ಲಿ ಈ ಒಂದು ಅಂಕಿ ಸಾಕು. ಎರಡು ಬಗೆಯ ಷೇರು ಇದ್ದರೆ ಸಾಲುವುದಿಲ್ಲ. ಆಗ ಪ್ರತಿಯೊಬ್ಬರಿಗೂ ಎರಡು ಅಂಕಿ ಬರೆದುಕೊಳ್ಳಬೇಕು. ದುಡ್ಡಿನಲ್ಲಿ ಪಾಲು ಎಷ್ಟು, ವೋಟಿನಲ್ಲಿ ಪಾಲು ಎಷ್ಟು. ಈ ಎರಡರ ನಡುವಿನ ವ್ಯತ್ಯಾಸವನ್ನು ನೋಡಿದರೆ ಹಿಡಿತ ಯಾರ ಕೈಯಲ್ಲಿದೆ, ಅದಕ್ಕೆ ಅವರು ಎಷ್ಟು ಬೆಲೆ ಕೊಟ್ಟಿದ್ದಾರೆ ಅನ್ನುವುದು ತಿಳಿಯುತ್ತದೆ.

ಇದನ್ನು ಕಲಿಯಲು ನಮ್ಮ ದೇಶದಲ್ಲಿ ಟಾಟಾ ಮೋಟರ್ಸ್‌ಗಿಂತ ಒಳ್ಳೆಯ ಉದಾಹರಣೆ ಇಲ್ಲ. 2008ರಲ್ಲಿ ಫೋರ್ಡ್‌ನಿಂದ ಜಾಗ್ವಾರ್ ಲ್ಯಾಂಡ್ ರೋವರ್ ಕೊಂಡ ಮೇಲೆ ಕಂಪನಿಗೆ ದೊಡ್ಡ ಮೊತ್ತ ಬೇಕಾಗಿತ್ತು. ಆ ವರ್ಷ ರೈಟ್ಸ್ ಇಶ್ಯೂ ಮಾಡಿ ಹಾಲಿ ಷೇರುದಾರರ ಮುಂದೆ ಎರಡು ಬಗೆಯ ಷೇರು ಇಟ್ಟಿತು. ಸಾಮಾನ್ಯ ಷೇರಿಗೆ 340 ರೂಪಾಯಿ. ‘ಎ’ ಸಾಮಾನ್ಯ ಷೇರಿಗೆ 305 ರೂಪಾಯಿ. ಮಾರುಕಟ್ಟೆಯಲ್ಲಿ ಎಲ್ಲರೂ ಡಿವಿಆರ್ ಅಂತ ಕರೆಯುತ್ತಿದ್ದದ್ದು ಈ ಎರಡನೆಯದನ್ನು. ಇದರಲ್ಲಿ ವೋಟು ಹತ್ತನೇ ಒಂದು ಭಾಗ, ಡಿವಿಡೆಂಡ್ ಸ್ವಲ್ಪ ಜಾಸ್ತಿ. 2024ರ ಸೆಪ್ಟೆಂಬರ್ ಹೊತ್ತಿಗೆ ಕಂಪನಿಯೇ ಅವನ್ನೆಲ್ಲ ರದ್ದು ಮಾಡಿ, ಬದಲಿಗೆ ಸಾಮಾನ್ಯ ಷೇರು ಕೊಟ್ಟಿತು. ಹುಟ್ಟಿನಿಂದ ಕೊನೆಯವರೆಗೆ ಎಲ್ಲ ದಾಖಲೆ ಕೈಗೆ ಸಿಗುವುದರಿಂದ ಲೆಕ್ಕ ಕಲಿಯಲು ಅನುಕೂಲ.

ಹಂತ 1: ಷೇರುದಾರಿಕೆಯ ಪಟ್ಟಿ ತೆಗೆಯಿರಿ

ಲಿಸ್ಟ್ ಆದ ಪ್ರತಿ ಕಂಪನಿಯೂ ತ್ರೈಮಾಸಿಕ ಮುಗಿದ 21 ದಿನದೊಳಗೆ ಯಾರ ಹತ್ತಿರ ಎಷ್ಟು ಷೇರಿದೆ ಅನ್ನುವ ಪಟ್ಟಿಯನ್ನು ಷೇರುಪೇಟೆಗೆ ಕೊಡಬೇಕು. ಬಿಎಸ್‌ಇ ಅಥವಾ ಎನ್‌ಎಸ್‌ಇ ಸೈಟಿನಲ್ಲಿ ಕಂಪನಿಯ ಪುಟಕ್ಕೆ ಹೋಗಿ Shareholding Pattern ಒತ್ತಿದರೆ ಅದು ಬರುತ್ತದೆ.

ಅದರಲ್ಲಿ ಮೊದಲು ನೋಡಬೇಕಾದದ್ದು ಘೋಷಣೆಯ ಭಾಗ. ಹೌದು ಅಥವಾ ಇಲ್ಲ ಅಂತ ಉತ್ತರಿಸುವ ಕೆಲವು ಪ್ರಶ್ನೆಗಳಿರುತ್ತವೆ. ಬೇರೆ ಬೇರೆ ವೋಟಿನ ಹಕ್ಕಿರುವ ಷೇರು ಇದೆಯೇ ಅನ್ನುವುದೂ ಅವುಗಳಲ್ಲಿ ಒಂದು. ಅಲ್ಲಿ ‘ಇಲ್ಲ’ ಅಂತ ಇದ್ದರೆ ಮುಂದಿನ ಲೆಕ್ಕ ಬೇಕಾಗಿಲ್ಲ, ನೇರವಾಗಿ ಕೊನೆಯ ಹಂತಕ್ಕೆ ಹೋಗಿ.

‘ಹೌದು’ ಅಂತ ಇದ್ದರೆ ದೊಡ್ಡ ಕೋಷ್ಟಕಕ್ಕೆ ಬನ್ನಿ. ಅಲ್ಲಿ ಪ್ರತಿ ಸಾಲಿನಲ್ಲೂ ಎರಡು ಶೇಕಡಾ ಇರುತ್ತವೆ. ಒಂದು ಷೇರುಗಳ ಎಣಿಕೆಯ ಮೇಲಿನ ಶೇಕಡಾ. ಇನ್ನೊಂದು ಅದರ ಬಲಕ್ಕೆ, Number of Voting Rights ಅನ್ನುವ ಶೀರ್ಷಿಕೆಯ ಕೆಳಗೆ ಇರುತ್ತದೆ. ಒಂದೊಂದು ಬಗೆಯ ಷೇರಿನ ವೋಟನ್ನು Class X, Class Y, Total ಅಂತ ಒಡೆದು ಬರೆದು, ಕೊನೆಗೆ ಒಟ್ಟು ವೋಟಿನಲ್ಲಿ ಶೇಕಡಾ ಎಷ್ಟು ಅಂತ ಹೇಳಿರುತ್ತಾರೆ. ಸುದ್ದಿಯಲ್ಲಿ, ಷೇರು ಆ್ಯಪ್‌ಗಳಲ್ಲಿ ಸಾಮಾನ್ಯವಾಗಿ ಕಾಣುವುದು ಒಂದೇ ಶೇಕಡಾ. ಅದು ಎರಡರಲ್ಲಿ ಯಾವುದು ಅಂತ ಬಹಳ ಸಲ ಹೇಳಿರುವುದೇ ಇಲ್ಲ. ನಮಗೆ ಬೇಕಾದದ್ದು ಎರಡೂ.

ಹಂತ 2: ಷೇರಿನ ಹಕ್ಕುಗಳನ್ನು ಅಕ್ಷರ ಬಿಡದೆ ಓದಿ

ವಾರ್ಷಿಕ ವರದಿಯಲ್ಲಿ ಷೇರು ಬಂಡವಾಳದ ಬಗ್ಗೆ ಒಂದು ಟಿಪ್ಪಣಿ ಇರುತ್ತದೆ. ಯಾವ ಬಗೆಯ ಷೇರಿಗೆ ಯಾವ ಹಕ್ಕು, ಯಾವ ಮಿತಿ ಅನ್ನುವುದು ಅದರಲ್ಲಿದೆ. ಮೂಲ ಮಾತು ಇರುವುದು ಕಂಪನಿಯ ಆರ್ಟಿಕಲ್ಸ್‌ನಲ್ಲಿ, ಅಂದರೆ ಅದರ ಒಳಾಡಳಿತದ ನಿಯಮಾವಳಿಯಲ್ಲಿ, ಆದರೆ ಆರಂಭಕ್ಕೆ ಈ ಟಿಪ್ಪಣಿ ಸಾಕು.

ಟಾಟಾ ಮೋಟರ್ಸ್‌ನ ಟಿಪ್ಪಣಿಯಲ್ಲಿ ಎರಡು ವಾಕ್ಯಗಳನ್ನು ನಿಧಾನವಾಗಿ ಓದಬೇಕಿತ್ತು. ಮೊದಲನೆಯದು ವೋಟಿನ ಬಗ್ಗೆ. ಹತ್ತು ‘ಎ’ ಷೇರಿಗೆ ಒಂದು ವೋಟು ಅನ್ನುವುದು ಷೇರು ಎಣಿಸಿ ಮತ ಹಾಕುವ ಪೋಲ್ ಅಥವಾ ಅಂಚೆ ಮತದಾನ ಆದಾಗ. ಕೈ ಎತ್ತಿ ಮತ ಹಾಕುವ ಸಭೆಯಲ್ಲಿ ‘ಎ’ ಷೇರುದಾರನಿಗೂ ಉಳಿದವರಷ್ಟೇ ವೋಟು! ಕೇಳಲು ಚೆನ್ನಾಗಿದೆ. ಆದರೆ ಲಿಸ್ಟ್ ಆದ ಕಂಪನಿಗಳಲ್ಲಿ ಈಗ ಇ-ವೋಟಿಂಗ್ ಕಡ್ಡಾಯ, ಅಲ್ಲಿ ಷೇರಿನ ಲೆಕ್ಕವೇ ಲೆಕ್ಕ. ಹಾಗಾಗಿ ಆ ಸಮಾನತೆ ಕಾಗದದ ಮೇಲೆ ಮಾತ್ರ ಇತ್ತು.

ಎರಡನೆಯದು ಡಿವಿಡೆಂಡ್ ಬಗ್ಗೆ. ಬಹಳ ಜನ ಎಡವಿದ್ದು ಇಲ್ಲೇ. ‘ಎ’ ಷೇರಿಗೆ ಸಾಮಾನ್ಯ ಷೇರಿಗಿಂತ ಶೇಕಡಾ 5 ಅಂಶ ಜಾಸ್ತಿ ಡಿವಿಡೆಂಡ್ ಅಂತ ಬರೆದಿತ್ತು. ಯಾವುದರ ಮೇಲೆ ಶೇಕಡಾ 5? ಮಾರುಕಟ್ಟೆ ಬೆಲೆಯ ಮೇಲೂ ಅಲ್ಲ, ಬಂದ ಡಿವಿಡೆಂಡ್ ಮೇಲೂ ಅಲ್ಲ, ಮುಖಬೆಲೆಯ ಮೇಲೆ. ಹತ್ತು ರೂಪಾಯಿ ಮುಖಬೆಲೆಯ ಷೇರನ್ನು 2011ರಲ್ಲಿ ಎರಡು ರೂಪಾಯಿಗೆ ಒಡೆದಿದ್ದರು. ಎರಡು ರೂಪಾಯಿಗೆ ಶೇಕಡಾ 5 ಅಂದರೆ ಹತ್ತು ಪೈಸೆ. 2022–23ರ ಸಾಲಿಗೆ ಸಾಮಾನ್ಯ ಷೇರಿಗೆ 2 ರೂಪಾಯಿ ಕೊಟ್ಟರು, ‘ಎ’ ಷೇರಿಗೆ 2 ರೂಪಾಯಿ 10 ಪೈಸೆ. ನೂರಕ್ಕೆ ತೊಂಬತ್ತು ಪಾಲು ವೋಟು ಬಿಟ್ಟುಕೊಟ್ಟದ್ದಕ್ಕೆ ಸಿಕ್ಕ ಹೆಚ್ಚುವರಿ ಇಷ್ಟೇ.

ಅದೂ ಡಿವಿಡೆಂಡ್ ಘೋಷಿಸಿದರೆ ಮಾತ್ರ. 2015–16ಕ್ಕೆ 20 ಪೈಸೆ ಮತ್ತು 30 ಪೈಸೆ ಕೊಟ್ಟ ಮೇಲೆ ಕಂಪನಿ 2022–23ರವರೆಗೆ ಏನನ್ನೂ ಕೊಡಲಿಲ್ಲ. ಸೊನ್ನೆ ಡಿವಿಡೆಂಡ್ ಬಂದ ವರ್ಷ ‘ಎ’ ಷೇರುದಾರನಿಗೆ ಬಂದದ್ದೂ ಸೊನ್ನೆ. ಡಿವಿಡೆಂಡ್‌ನಲ್ಲಿ ಮೊದಲ ಹಕ್ಕಿದ್ದು ಸಾಮಾನ್ಯವಾಗಿ ವೋಟಿಲ್ಲದ ಪ್ರಿಫರೆನ್ಸ್ ಷೇರಿನ ಕಥೆ ಬೇರೆ. ಕಂಪನಿ ಕಾಯ್ದೆಯ 47ನೇ ಸೆಕ್ಷನ್ ಪ್ರಕಾರ ಎರಡು ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲ ಅವರ ಡಿವಿಡೆಂಡ್ ಬಾಕಿ ಉಳಿದರೆ, ಎಲ್ಲ ನಿರ್ಣಯಗಳ ಮೇಲೂ ವೋಟು ಹಾಕುವ ಹಕ್ಕು ಅವರಿಗೆ ಬರುತ್ತದೆ. ಕಷ್ಟದಲ್ಲಿರುವ ಕಂಪನಿಯನ್ನು ನೋಡುವಾಗ ಇದನ್ನು ಮರೆಯಬೇಡಿ. ಸುಮ್ನೆ ಮಲಗಿದ್ದ ಪ್ರಿಫರೆನ್ಸ್ ಷೇರು ಎದ್ದು ಕೂತು ವೋಟು ಕೇಳಬಹುದು. ಡಿವಿಆರ್‌ನವರಿಗೆ ಇಂಥ ಆಸರೆ ಇರಲಿಲ್ಲ.

ಡಿವಿಆರ್ ಕೊಂಡವರ ನಿಜವಾದ ಲಾಭ ಬೇರೆ ಕಡೆ ಇತ್ತು. ಷೇರು ಕಡಿಮೆ ಬೆಲೆಗೆ ಸಿಗುತ್ತಿತ್ತು, ಲಾಭದಲ್ಲಿ ಪಾಲು ಸಾಮಾನ್ಯ ಷೇರಿನಷ್ಟೇ. ಹತ್ತು ಪೈಸೆಗಾಗಿ ಅಲ್ಲ, ಈ ಅಗ್ಗದ ಬೆಲೆಗಾಗಿ ಕೊಂಡವರೇ ಬುದ್ಧಿವಂತರು ಅಂತ ನನ್ನ ಲೆಕ್ಕ.

ಹಂತ 3: ಎರಡು ಶೇಕಡಾ ಕಟ್ಟಿ

ಈಗ ಪೆನ್ನು ತೆಗೆದುಕೊಳ್ಳಿ. 2023ರ ಹೊತ್ತಿನ ಟಾಟಾ ಮೋಟರ್ಸ್ ಅಂಕಿಗಳನ್ನು ದುಂಡಗೆ ಮಾಡಿ ಕೊಡುತ್ತೇನೆ. ಸಾಮಾನ್ಯ ಷೇರು ಸುಮಾರು 332 ಕೋಟಿ. ‘ಎ’ ಷೇರು ಸುಮಾರು 51 ಕೋಟಿ. ಪ್ರೊಮೋಟರ್ ಗುಂಪಿನ ಹತ್ತಿರ ಸಾಮಾನ್ಯ ಷೇರು ಸುಮಾರು 154 ಕೋಟಿ, ‘ಎ’ ಷೇರು ಸುಮಾರು 4 ಕೋಟಿ.

ಮೊದಲು ದುಡ್ಡಿನ ಪಾಲು. ಎರಡೂ ಷೇರು ಕೂಡಿಸಿದರೆ 383 ಕೋಟಿ. ಅದರಲ್ಲಿ ‘ಎ’ ಷೇರು 51 ಕೋಟಿ, ಅಂದರೆ ಶೇಕಡಾ 13.3. ಪ್ರೊಮೋಟರ್ ಪಾಲು 158 ಕೋಟಿ, ಅಂದರೆ ಶೇಕಡಾ 41.3.

ಇನ್ನು ವೋಟಿನ ಪಾಲು. ‘ಎ’ ಷೇರನ್ನು ಹತ್ತರಿಂದ ಭಾಗಿಸಿದರೆ 5.1 ಕೋಟಿ ವೋಟು. ಒಟ್ಟು ವೋಟು 337.1 ಕೋಟಿ. ಅದರಲ್ಲಿ ‘ಎ’ ಷೇರಿನವರದು ಶೇಕಡಾ 1.5. ಪ್ರೊಮೋಟರ್ ವೋಟು 154.4 ಕೋಟಿ, ಅಂದರೆ ಶೇಕಡಾ 45.8.

ಪಕ್ಕಪಕ್ಕ ಇಟ್ಟು ನೋಡಿ. ‘ಎ’ ಷೇರಿನವರು ಕಂಪನಿಯ ಬಂಡವಾಳದಲ್ಲಿ ಶೇಕಡಾ 13.3 ಹೊತ್ತಿದ್ದರು, ಮಾತು ಮಾತ್ರ ಶೇಕಡಾ 1.5. ಪ್ರೊಮೋಟರ್‌ಗೆ ಇದರಿಂದ ಸಿಕ್ಕ ಹೆಚ್ಚುವರಿ ಹಿಡಿತ ಸುಮಾರು 4.5 ಅಂಶ. ದೊಡ್ಡದೇನಲ್ಲ ಅಂತ ಅನ್ನಿಸಬಹುದು. ಆದರೆ 45.8ರಲ್ಲಿ ನಿಂತವರಿಗೆ ಅರ್ಧ ದಾಟಲು ಹೊರಗಿನ ಸ್ವಲ್ಪ ಬೆಂಬಲ ಸಾಕು. 41ರಲ್ಲಿ ನಿಂತವರಿಗೆ ಅದರ ಎರಡರಷ್ಟು ಬೇಕು.

ಒಂದು ಷೇರಿಗೆ ಹತ್ತು ವೋಟು ಇರುವ ಕಡೆ ಲೆಕ್ಕ ಇನ್ನೂ ಚುರುಕಾಗುತ್ತದೆ. ಹತ್ತು ವೋಟಿನ ಷೇರು ಒಬ್ಬರ ಹತ್ತಿರವೇ ಇದ್ದು, ಉಳಿದವರ ಷೇರಿಗೆಲ್ಲ ಒಂದೊಂದೇ ವೋಟು ಅಂತ ಇಟ್ಟುಕೊಳ್ಳಿ. ಅರ್ಧ ವೋಟು ದಾಟಲು ಅವರಿಗೆ ಬೇಕಾದ ಷೇರು ಹನ್ನೊಂದರಲ್ಲಿ ಒಂದು ಪಾಲಿಗಿಂತ ಒಂಚೂರು ಜಾಸ್ತಿ, ಅಂದರೆ ಸುಮಾರು ಶೇಕಡಾ 9.1. ಗೂಗಲ್‌ನ ಮಾತೃ ಕಂಪನಿ ಆಲ್ಫಾಬೆಟ್‌ನಲ್ಲಿ ಇಂಥದ್ದೇ ಏರ್ಪಾಡು. ಮಾರುಕಟ್ಟೆಯಲ್ಲಿ ಸಿಗುವ ಕ್ಲಾಸ್ ಎ ಷೇರಿಗೆ (GOOGL) ಒಂದು ವೋಟು, ಕ್ಲಾಸ್ ಸಿ ಷೇರಿಗೆ (GOOG) ವೋಟೇ ಇಲ್ಲ. ಕ್ಲಾಸ್ ಬಿ ಷೇರಿಗೆ ಹತ್ತು ವೋಟು, ಅದು ಪೇಟೆಯಲ್ಲಿ ಮಾರಾಟಕ್ಕಿಲ್ಲ. ಸ್ಥಾಪಕರಾದ ಲ್ಯಾರಿ ಪೇಜ್ ಮತ್ತು ಸೆರ್ಗೆ ಬ್ರಿನ್ ಇಬ್ಬರ ಕೈಯಲ್ಲೇ ಅರ್ಧಕ್ಕಿಂತ ಜಾಸ್ತಿ ವೋಟಿದೆ. ಬೆಂಗಳೂರಿನ ಗೂಗಲ್ ಉದ್ಯೋಗಿಗಳಿಗೆ ಸಂಬಳದ ಜೊತೆ ಬರುವ ಷೇರು ಕ್ಲಾಸ್ ಸಿ. ಎಷ್ಟೇ ಸೇರಿಸಿಟ್ಟರೂ ಆಡಳಿತ ಮಂಡಳಿಯ ಚುನಾವಣೆಯಲ್ಲಿ ಅದಕ್ಕೆ ಬೆಲೆ ಇಲ್ಲ. ಅಮೆರಿಕದ ಕಂಪನಿಗಳ ವೋಟಿನ ಲೆಕ್ಕ ಬೇಕಾದರೆ ಅವು ವರ್ಷಕ್ಕೊಮ್ಮೆ ಷೇರುದಾರರ ಸಭೆಗೆ ಮುಂಚೆ ಹೊರಡಿಸುವ DEF 14A ದಾಖಲೆ ನೋಡಿ. ಒಟ್ಟು ವೋಟಿನಲ್ಲಿ ಯಾರಿಗೆ ಎಷ್ಟು ಪಾಲು ಅನ್ನುವ ಕಾಲಂ ಅಲ್ಲೇ ಇರುತ್ತದೆ.

ಹಂತ 4: ಆ ವೋಟಿನಿಂದ ಏನು ಆಗುತ್ತದೆ, ಏನು ಆಗುವುದಿಲ್ಲ

ಶೇಕಡಾ 45.8 ವೋಟು ಅಂದರೆ ಹಿಡಿತ ಇದೆಯೋ ಇಲ್ಲವೋ? ಅದು ನಿರ್ಣಯ ಯಾವುದು ಅನ್ನುವುದರ ಮೇಲೆ ಹೋಗುತ್ತದೆ.

ಸಾಮಾನ್ಯ ನಿರ್ಣಯಕ್ಕೆ, ಅಂದರೆ ನಿರ್ದೇಶಕರ ನೇಮಕದಂಥದ್ದಕ್ಕೆ, ಬಿದ್ದ ವೋಟಿನಲ್ಲಿ ಅರ್ಧಕ್ಕಿಂತ ಜಾಸ್ತಿ ಸಾಕು. ಬಿದ್ದ ವೋಟು ಅನ್ನುವ ಮಾತೇ ಮುಖ್ಯ. ಸಣ್ಣ ಷೇರುದಾರರಲ್ಲಿ ಹೆಚ್ಚಿನವರು ವೋಟೇ ಹಾಕುವುದಿಲ್ಲ. 100ರಲ್ಲಿ 85 ವೋಟು ಮಾತ್ರ ಬಿತ್ತು ಅಂತಿಟ್ಟುಕೊಳ್ಳಿ. ಆಗ 43 ವೋಟು ಇದ್ದವರೇ ಗೆದ್ದ ಹಾಗೆ. 2016ರ ಡಿಸೆಂಬರ್‌ನಲ್ಲಿ ಟಾಟಾ ಮೋಟರ್ಸ್ ವಿಶೇಷ ಸಭೆಯಲ್ಲಿ ಸ್ವತಂತ್ರ ನಿರ್ದೇಶಕ ನುಸ್ಲಿ ವಾಡಿಯಾ ಅವರನ್ನು ತೆಗೆಯುವ ನಿರ್ಣಯ ಪಾಸಾಯಿತು. ಆಗ ಪ್ರೊಮೋಟರ್ ಪಾಲು ಮೂರನೇ ಒಂದು ಭಾಗದ ಹತ್ತಿರ ಇತ್ತು ಅಷ್ಟೇ. ಹೊರಗಿನವರ ವೋಟು ಸೇರಿಸಿಕೊಂಡು ಅರ್ಧ ದಾಟಿದರು.

ವಿಶೇಷ ನಿರ್ಣಯಕ್ಕೆ, ಅಂದರೆ ಆರ್ಟಿಕಲ್ಸ್ ತಿದ್ದುವಂಥದ್ದಕ್ಕೆ, ವಿರೋಧದ ಮೂರರಷ್ಟು ಪರವಾದ ವೋಟು ಬೇಕು. ಇದನ್ನು ತಿರುಗಿಸಿ ಓದಿ: ಬಿದ್ದ ವೋಟಿನಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಕೈಲಿದ್ದರೆ ಯಾವ ವಿಶೇಷ ನಿರ್ಣಯವನ್ನೂ ತಡೆಯಬಹುದು. ಹಾಗಾಗಿ ಪಟ್ಟಿಯಲ್ಲಿ 25, 50, 75 ಈ ಮೂರು ಗೆರೆಗಳ ಹತ್ತಿರ ಯಾರು ನಿಂತಿದ್ದಾರೆ ಅಂತ ಗುರುತು ಹಾಕಿ. ಎರಡು ಬಗೆಯ ಷೇರು ಇರುವ ಕಂಪನಿಯಲ್ಲಿ ದುಡ್ಡಿನ ಪಾಲು ಗೆರೆಯ ಒಂದು ಕಡೆ, ವೋಟಿನ ಪಾಲು ಇನ್ನೊಂದು ಕಡೆ ಇದೆಯೇ ಅಂತ ನೋಡಿ. ಇದ್ದರೆ ಆ ಷೇರನ್ನು ಹುಟ್ಟಿಸಿದ್ದರ ಫಲ ಏನು ಅನ್ನುವುದು ಅಲ್ಲೇ ಗೊತ್ತಾಗುತ್ತದೆ.

ಪ್ರೊಮೋಟರ್ ವೋಟು ಕೆಲಸಕ್ಕೆ ಬಾರದ ಎರಡು ಸಂದರ್ಭಗಳೂ ಇವೆ. ಲಿಸ್ಟ್ ಆದ ಕಂಪನಿ ತನ್ನ ಸಂಬಂಧಿತ ಸಂಸ್ಥೆಗಳ ಜೊತೆ ದೊಡ್ಡ ವ್ಯವಹಾರ ಮಾಡುವಾಗ, ಆ ಸಂಬಂಧಿತರು ಅದನ್ನು ಒಪ್ಪಿ ವೋಟು ಹಾಕುವಂತಿಲ್ಲ. ಇನ್ನೊಂದು, ಒಂದು ಬಗೆಯ ಷೇರಿನ ಹಕ್ಕನ್ನೇ ಬದಲಾಯಿಸುವಾಗ. ಕಂಪನಿ ಕಾಯ್ದೆಯ 48ನೇ ಸೆಕ್ಷನ್ ಪ್ರಕಾರ ಆ ಬಗೆಯ ಷೇರುದಾರರು ಮಾತ್ರ ಸೇರುವ ಪ್ರತ್ಯೇಕ ಸಭೆಯಲ್ಲಿ ವಿಶೇಷ ನಿರ್ಣಯ ಆಗಬೇಕು, ಇಲ್ಲವೇ ಆ ಷೇರುಗಳ ಮುಕ್ಕಾಲು ಪಾಲು ಹೊಂದಿದವರು ಬರೆದು ಒಪ್ಪಿಗೆ ಕೊಡಬೇಕು. ಆ ಕೋಣೆಯೊಳಗೆ ಹತ್ತನೇ ಒಂದು ವೋಟು ಅನ್ನುವುದು ಅಡ್ಡಿಯಾಗುವುದಿಲ್ಲ, ಯಾಕೆಂದರೆ ಅಲ್ಲಿ ಕೂತವರಿಗೆಲ್ಲ ಅಷ್ಟೇ. ಹಾಗಾಗಿ ಕಡಿಮೆ ವೋಟಿನ ಷೇರು ಯಾರ ಯಾರ ಹತ್ತಿರ ಇದೆ ಅನ್ನುವುದನ್ನೂ ಬೇರೆಯಾಗಿ ನೋಡಿ. ಟಾಟಾ ಮೋಟರ್ಸ್‌ನ ‘ಎ’ ಷೇರಿನಲ್ಲಿ ಪ್ರೊಮೋಟರ್ ಪಾಲು ಹತ್ತನೇ ಒಂದಕ್ಕಿಂತ ಕಡಿಮೆ ಇತ್ತು. ಆ ವರ್ಗದ ಭವಿಷ್ಯ ಹೊರಗಿನವರ ಕೈಲಿತ್ತು.

ಹಂತ 5: ಬೆಲೆಯ ಅಂತರ ಓದಿ, ಆದರೆ ಪೂರ್ತಿ ನಂಬಬೇಡಿ

2008ರಲ್ಲಿ ಕಂಪನಿ ಕೊಟ್ಟ ರಿಯಾಯಿತಿ ಶೇಕಡಾ 10ರಷ್ಟು. ಪೇಟೆ ಅದನ್ನು ಒಪ್ಪಲಿಲ್ಲ. ವರ್ಷಗಳು ಕಳೆದಂತೆ ಅಂತರ ಹಿಗ್ಗಿತು. 2023ರ ಜುಲೈನಲ್ಲಿ ಡಿವಿಆರ್ ಬೆಲೆ ಸಾಮಾನ್ಯ ಷೇರಿಗಿಂತ ಸುಮಾರು ಶೇಕಡಾ 40 ಕೆಳಗಿತ್ತು.

ಹಾಗಾದರೆ ವೋಟಿನ ಬೆಲೆ ಶೇಕಡಾ 40 ಅಂತ ಹೇಳಬಹುದಾ? ಹೇಳಬೇಡಿ. ಅದರೊಳಗೆ ಬೇರೆ ವಿಷಯಗಳೂ ಕೂಡಿಕೊಂಡಿವೆ. ಷೇರುಗಳ ಸಂಖ್ಯೆ ಕಡಿಮೆ, ಹಾಗಾಗಿ ದೊಡ್ಡ ಫಂಡುಗಳಿಗೆ ಕೊಳ್ಳುವುದೂ ಮಾರುವುದೂ ಕಷ್ಟ. ಇಂಥ ಷೇರು ಹೊರಡಿಸಿದ ಕಂಪನಿಗಳು ನಮ್ಮಲ್ಲಿ ಬೆರಳೆಣಿಕೆಯಷ್ಟು, ಹಾಗಾಗಿ ಅದನ್ನು ಅರ್ಥ ಮಾಡಿಕೊಂಡ ಕೊಳ್ಳುವವರೂ ಕಡಿಮೆ. ಅಂತರ ಇದೆ ಅನ್ನುವುದಕ್ಕಿಂತ ಅಂತರ ಯಾವಾಗ ಬದಲಾಯಿತು ಅನ್ನುವುದು ಹೆಚ್ಚು ಹೇಳುತ್ತದೆ. ಹಿಡಿತಕ್ಕಾಗಿ ಜಗಳ ಶುರುವಾದಾಗ ವೋಟಿರುವ ಷೇರಿನ ಬೆಲೆ ಮಾತ್ರ ಏರಿದರೆ, ಯಾರೋ ವೋಟು ಕೂಡಿಸುತ್ತಿದ್ದಾರೆ ಅಂತ ಅನುಮಾನಿಸಬಹುದು. ಎರಡೂ ಒಟ್ಟಿಗೆ ಏರಿದರೆ ಅದು ಬರೀ ವ್ಯಾಪಾರದ ಸುದ್ದಿ.

ಹಂತ 6: ಷೇರಿನ ಬಗೆ ಬದಲಾದಾಗ ಲೆಕ್ಕ ಮತ್ತೆ ಮಾಡಿ

2023ರ ಜುಲೈನಲ್ಲಿ ಟಾಟಾ ಮೋಟರ್ಸ್ ಪ್ರಸ್ತಾಪ ಮಾಡಿತು: ಹತ್ತು ‘ಎ’ ಷೇರಿಗೆ ಏಳು ಸಾಮಾನ್ಯ ಷೇರು. ಪೇಟೆಯಲ್ಲಿ ಶೇಕಡಾ 40 ಕೆಳಗಿದ್ದ ಷೇರಿಗೆ ಶೇಕಡಾ 30ರ ಅಂತರದಲ್ಲಿ ಬದಲಿ. ಬೆಲೆ ನೋಡಿ ಒಳ್ಳೆಯದೋ ಕೆಟ್ಟದ್ದೋ ಅಂತ ತುಂಬಾ ಚರ್ಚೆಯಾಯಿತು. ಹಿಡಿತದ ಲೆಕ್ಕ ಹಾಕಿದವರು ಕಡಿಮೆ. ಬನ್ನಿ, ಹಾಕೋಣ.

51 ಕೋಟಿಗೆ ಏಳು ಹತ್ತಾಂಶ ಅಂದರೆ 35.7 ಕೋಟಿ ಹೊಸ ಷೇರು. 332ಕ್ಕೆ ಕೂಡಿಸಿದರೆ 367.7 ಕೋಟಿ, ಎಲ್ಲಕ್ಕೂ ಒಂದೊಂದು ವೋಟು. ಹಳೆಯ ‘ಎ’ ಷೇರಿನವರ ಪಾಲು ಈಗ ದುಡ್ಡಿನಲ್ಲೂ ವೋಟಿನಲ್ಲೂ ಶೇಕಡಾ 9.7. ಮೊದಲು ದುಡ್ಡು 13.3, ವೋಟು 1.5 ಇತ್ತು. ಅಂದರೆ ದುಡ್ಡಿನಲ್ಲಿ 3.6 ಅಂಶ ಬಿಟ್ಟು, ವೋಟಿನಲ್ಲಿ 8.2 ಅಂಶ ಪಡೆದರು. ಪ್ರೊಮೋಟರ್ ಕಡೆ ಇದರ ಉಲ್ಟಾ ಆಯಿತು. ದುಡ್ಡಿನ ಪಾಲು 41.3ರಿಂದ ಸುಮಾರು 42.6ಕ್ಕೆ ಏರಿತು, ವೋಟಿನ ಪಾಲು 45.8ರಿಂದ ಅದೇ 42.6ಕ್ಕೆ ಇಳಿಯಿತು. 2008ರಲ್ಲಿ ಯಾವ ಹಿಡಿತವನ್ನು ಉಳಿಸಿಕೊಂಡಿದ್ದರೋ ಅದರಲ್ಲಿ ಸ್ವಲ್ಪವನ್ನು ಬಿಟ್ಟು ಲಾಭದ ಪಾಲು ಹೆಚ್ಚಿಸಿಕೊಂಡರು. 42.6ರಲ್ಲೂ ವಿಶೇಷ ನಿರ್ಣಯ ತಡೆಯುವ ಬಲ ಹಾಗೇ ಉಳಿಯುವುದರಿಂದ, ಬಿಟ್ಟದ್ದು ದುಬಾರಿಯಾಗಲಿಲ್ಲ.

ಕೈಗೆ ಬಂದ ಷೇರಿನ ವಿಷಯದಲ್ಲಿ ಕೆಲವರಿಗೆ ಗೊಂದಲವಾಯಿತು. ಇದು ಬಂಡವಾಳ ಕಡಿತದ ಯೋಜನೆ. ಕಂಪನಿಯ ಬಳಿ ಕೂಡಿದ ಲಾಭದ ಮಟ್ಟಿಗೆ ಇದನ್ನು ಡಿವಿಡೆಂಡ್ ಎಂದೇ ಎಣಿಸಿ ತೆರಿಗೆ ಹಿಡಿಯಬೇಕಾಗಿತ್ತು. ಅದಕ್ಕಾಗಿ ಹೊಸ ಷೇರುಗಳಲ್ಲಿ ಒಂದಷ್ಟನ್ನು ಒಂದು ಟ್ರಸ್ಟ್ ಮೂಲಕ ಮಾರಿದರು. ಹಾಗಾಗಿ ಹತ್ತಕ್ಕೆ ಏಳು ಅಂತ ಎಣಿಸಿ ಕೂತಿದ್ದ ಕೆಲವರ ಡಿಮ್ಯಾಟ್ ಖಾತೆಗೆ ಅದಕ್ಕಿಂತ ಕಡಿಮೆ ಬಂತು.

ಇನ್ನು ಮುಂದೆ ನಮ್ಮಲ್ಲಿ ಇಂಥ ಷೇರು ಹೊಸದಾಗಿ ಕಾಣುವುದು ಕಡಿಮೆ. ಲಿಸ್ಟ್ ಆದ ಕಂಪನಿಗಳು ಹೆಚ್ಚು ವೋಟಿನ ಷೇರು ಹೊರಡಿಸುವುದನ್ನು ಷೇರುಪೇಟೆಯ ನಿಯಂತ್ರಕ ಸೆಬಿ 2009ರಲ್ಲೇ ನಿಲ್ಲಿಸಿತು, ಕಡಿಮೆ ವೋಟಿನದ್ದನ್ನು 2019ರಲ್ಲಿ. ಅದೇ 2019ರಲ್ಲಿ ತಂತ್ರಜ್ಞಾನ ಕಂಪನಿಗಳ ಸ್ಥಾಪಕರು ಐಪಿಒಗೆ ಮುಂಚೆ ಹೆಚ್ಚು ವೋಟಿನ ಷೇರು ಇಟ್ಟುಕೊಳ್ಳಬಹುದು ಅಂತ ಬಾಗಿಲು ತೆರೆಯಿತು. ಒಂದು ಷೇರಿಗೆ ಎರಡರಿಂದ ಹತ್ತು ವೋಟಿನವರೆಗೆ, ಒಟ್ಟು ವೋಟು ಶೇಕಡಾ 74 ದಾಟುವಂತಿಲ್ಲ. ಐದು ವರ್ಷವಾದ ಮೇಲೆ ಅವು ಸಾಮಾನ್ಯ ಷೇರಾಗಬೇಕು, ಉಳಿದ ಷೇರುದಾರರು ಒಪ್ಪಿದರೆ ಇನ್ನೈದು ವರ್ಷ. ಸ್ವತಂತ್ರ ನಿರ್ದೇಶಕರ ನೇಮಕ, ಆಡಿಟರ್ ನೇಮಕ, ಕಂಪನಿಯನ್ನು ಪೇಟೆಯಿಂದ ತೆಗೆಯುವುದು ಮುಂತಾದ ವಿಷಯಗಳಲ್ಲಿ ಅವಕ್ಕೂ ಒಂದೇ ವೋಟು.

ಹಂತ 7: ವೋಟು ಸಮ ಇದ್ದರೂ ಆರ್ಟಿಕಲ್ಸ್ ಓದಿ

ಹಿಡಿತ ಯಾವಾಗಲೂ ಷೇರಿನ ಬಗೆಯಲ್ಲೇ ಅಡಗಿರುವುದಿಲ್ಲ. ಇಂಡಿಗೋ ವಿಮಾನಗಳನ್ನು ನಡೆಸುವ ಇಂಟರ್‌ಗ್ಲೋಬ್ ಏವಿಯೇಷನ್ ನೋಡಿ. ರಾಹುಲ್ ಭಾಟಿಯಾ ಮತ್ತು ರಾಕೇಶ್ ಗಂಗ್ವಾಲ್ ಇಬ್ಬರ ಗುಂಪುಗಳ ಹತ್ತಿರ 2019ರಲ್ಲಿ ಹೆಚ್ಚು ಕಮ್ಮಿ ಒಂದೇ ಸಮ ಷೇರಿತ್ತು, ಒಂದೇ ಬಗೆಯ ಷೇರು. ಆದರೂ ಅಧ್ಯಕ್ಷರನ್ನು, ವ್ಯವಸ್ಥಾಪಕ ನಿರ್ದೇಶಕರನ್ನು ಹೆಸರಿಸುವ ಹಕ್ಕು ಒಪ್ಪಂದದ ಪ್ರಕಾರ ಭಾಟಿಯಾ ಗುಂಪಿಗಿತ್ತು. ಇಬ್ಬರ ನಡುವಿನ ಬಹಿರಂಗ ಜಗಳದಲ್ಲಿ ಇದೂ ಒಂದು ವಿಷಯವಾಯಿತು. ಷೇರುದಾರಿಕೆಯ ಪಟ್ಟಿ ಮಾತ್ರ ನೋಡಿದವರಿಗೆ ತಕ್ಕಡಿ ಸಮವಾಗಿ ಕಂಡಿತ್ತು.

ಕಂಪನಿ ಕಾಯ್ದೆಯಲ್ಲೂ ಹಿಡಿತ ಅಂದರೆ ಬರೀ ಷೇರಲ್ಲ. ನಿರ್ದೇಶಕರಲ್ಲಿ ಹೆಚ್ಚಿನವರನ್ನು ನೇಮಿಸುವ ಹಕ್ಕು ಷೇರಿನಿಂದ ಬರಲಿ, ಒಪ್ಪಂದದಿಂದ ಬರಲಿ, ಅದು ಹಿಡಿತವೇ. ಆದ್ದರಿಂದ ಆರ್ಟಿಕಲ್ಸ್ ಪಿಡಿಎಫ್ ತೆರೆದು nominate, affirmative, reserved ಅನ್ನುವ ಪದಗಳನ್ನು ಹುಡುಕಿ. ಐಪಿಒ ಆಗಿರುವ ಕಂಪನಿಯಾದರೆ ಅದರ ಪ್ರಾಸ್ಪೆಕ್ಟಸ್‌ನಲ್ಲಿ ಷೇರುದಾರರ ಒಪ್ಪಂದದ ಭಾಗ ನೋಡಿ. ಲಿಸ್ಟ್ ಆದ ಮೇಲೂ ಯಾವ ಹಕ್ಕು ಉಳಿಯುತ್ತದೆ, ಎಷ್ಟು ಶೇಕಡಾ ಕೆಳಗಿಳಿದರೆ ಅದು ತಪ್ಪುತ್ತದೆ ಅನ್ನುವುದು ಅಲ್ಲಿ ಬರೆದಿರುತ್ತದೆ. ಆ ಶೇಕಡಾವನ್ನು ನಿಮ್ಮ ಲೆಕ್ಕದ ಪಕ್ಕ ನಾಲ್ಕನೇ ಗೆರೆಯಾಗಿ ಹಾಕಿಕೊಳ್ಳಿ.